ಮಾತ್ರೆ, ಸ್ಟ್ರಿಪ್, ಬಾಟಲಿಗಳ ಚಿತ್ರ: ಗುರುತು, ಬೆಳಕು, ಅಳತೆ ಮೂರೂ ಸ್ಪಷ್ಟವಾಗುವಂತೆ ತೆಗೆಯುವುದು ಹೇಗೆ?

ಶಿರಸಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರು ಮೈದುನನ ಮನೆಯಲ್ಲಿ ಕೆಲವು ತಿಂಗಳು ಇದ್ದು ಈಗ ನಮ್ಮಲ್ಲಿಗೆ ಬಂದಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಬರುವಾಗ ಒಂದು ಸ್ಟೀಲ್ ಡಬ್ಬಿಯಲ್ಲಿ ಕತ್ತರಿಸಿದ ಸ್ಟ್ರಿಪ್‌ಗಳ ತುಂಡುಗಳನ್ನು, ಹೊದಿಕೆಯಿಲ್ಲದ ಎರಡು ಬಿಡಿ ಮಾತ್ರೆಗಳನ್ನು ಮತ್ತು ಅರ್ಧ ಖಾಲಿಯಾದ ಒಂದು ಸಿರಪ್ ಬಾಟಲಿಯನ್ನು ತಂದಿದ್ದಾರೆ. ಚೀಟಿ ಅಲ್ಲಿಯೇ ಉಳಿದಿದೆ. ಒಂದು ತುಂಡಿನ ಫಾಯಿಲ್ ಮೇಲೆ ಒಂದು ಹೆಸರಿನ ಕೊನೆಯ ಭಾಗವಾದ "ಫಾರ್ಮಿನ್" ಎಂಬುದೂ 500 ಎಂಬ ಅಂಕಿಯೂ ಕಾಣುತ್ತವೆ, ಉಳಿದದ್ದು ಕತ್ತರಿಗೆ ಸಿಕ್ಕಿ ಹೋಗಿದೆ. ಅಂಚಿನಲ್ಲಿ ಬಣ್ಣವಿಲ್ಲದೆ ಒತ್ತಿದ ಕೆಲವು ಅಂಕಿಗಳಿವೆ.

ನಮ್ಮ ಪರಿಚಯದ ಔಷಧದಂಗಡಿಯವರಿಗೆ ವಾಟ್ಸಾಪ್‌ನಲ್ಲಿ ಚಿತ್ರಗಳನ್ನು ಕಳುಹಿಸಿದ್ದೆ. ಫಾಯಿಲ್ ಹೊಳೆದು ಅಕ್ಷರ ಕಾಣುವುದಿಲ್ಲ, ಬಿಳಿ ಮಾತ್ರೆಯ ಮೇಲೆ ಏನಿದೆ ಎಂದು ತಿಳಿಯುವುದಿಲ್ಲ, ಗಾತ್ರ ಎಷ್ಟೆಂದೂ ಅಂದಾಜು ಸಿಗುವುದಿಲ್ಲ ಎಂದು ಅವರು ತಿಳಿಸಿದರು. ಅಂಗಡಿ ನಮ್ಮ ಮನೆಯಿಂದ ದೂರವಿರುವುದರಿಂದ, ಸಾಮಾನ್ಯ ಮೊಬೈಲ್‌ನಲ್ಲಿಯೇ ಓದಲು ಬರುವಂತಹ ಚಿತ್ರವನ್ನು ತೆಗೆಯುವ ಕ್ರಮವನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕ್ಲಿಕ್ ಮಂಜು

ಮೇಡಂ, ಇದು ಬಹಳ ಸುಲಭ. ಕ್ಯಾಮೆರಾದಲ್ಲಿ ಮ್ಯಾಕ್ರೋ ಆಯ್ಕೆಯನ್ನು ಹಾಕಿಕೊಳ್ಳಿ, ಮಾತ್ರೆಗೆ ಸಾಧ್ಯವಾದಷ್ಟು ಹತ್ತಿರ ಹೋಗಿ, ಬೆಳಕು ಸಾಲದಿದ್ದರೆ ಫ್ಲ್ಯಾಶ್ ಹಾಕಿ. ಮಾತ್ರೆಯನ್ನು ಬಿಳಿ ಹಾಳೆಯ ಮೇಲಿಟ್ಟು ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವನ್ನಿಟ್ಟರೆ ಗಾತ್ರವೂ ತಿಳಿಯುತ್ತದೆ. ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಅಡುಗೆಮನೆಯಲ್ಲಿ ಬಳಸುವ ಫೋನ್‌ಗಳ ಲೆನ್ಸ್ ಮೇಲೆ ಜಿಡ್ಡಿನ ಪೊರೆ ಇರುತ್ತದೆ, ಅದರಿಂದಲೇ ಅರ್ಧದಷ್ಟು ಚಿತ್ರಗಳು ಮಂಜುಮಂಜಾಗುತ್ತವೆ.

ಹುಬ್ಬಳ್ಳಿ ಫಾರ್ಮಸಿಸ್ಟ್

ಮೊದಲು ಒಂದು ಮಾತು. ಆ ತುಂಡುಗಳೂ ಬಿಡಿ ಮಾತ್ರೆಗಳೂ ಯಾವುವೆಂದು ಖಚಿತವಾಗುವವರೆಗೆ ಅವುಗಳನ್ನು ಅತ್ತೆಯವರಿಗೆ ಕೊಡಬೇಡಿ, ಮತ್ತು ಅವರು ಈಗ ಏನು ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಇಂದೇ ಕೇಳಿ. ಚಿತ್ರ ಎಷ್ಟೇ ಚೆನ್ನಾಗಿ ಬಂದರೂ ಈ ವೇದಿಕೆಯಲ್ಲಿ ಯಾರೋ ಗುರುತಿಸಿ ಹೇಳಿದ ಹೆಸರನ್ನು ನಂಬಿ ಔಷಧ ನುಂಗುವಂತಾಗಬಾರದು. ಚಿತ್ರವು ಬಲ್ಲವರ ಕೈಗೆ ವಿವರವನ್ನು ಮುಟ್ಟಿಸುವ ಸಾಧನ, ಅಷ್ಟೇ.

ಮಂಜು ಅವರು ಲೆನ್ಸ್ ಒರೆಸುವ ವಿಷಯದಲ್ಲಿ ಹೇಳಿದ್ದು ಪೂರ್ತಿ ಸರಿ. ಆದರೆ ಉಳಿದ ಮೂರು ಸಲಹೆಗಳು, ಅಂದರೆ ಫ್ಲ್ಯಾಶ್, ಅತಿ ಹತ್ತಿರ ಮತ್ತು ಬಿಳಿ ಹಾಳೆ, ನಮ್ಮ ಅಂಗಡಿಗೆ ದಿನವೂ ಬರುವ ಓದಲಾಗದ ಚಿತ್ರಗಳಿಗೆ ಮುಖ್ಯ ಕಾರಣಗಳು. ಒಂದೊಂದಾಗಿ ಹೇಳುತ್ತೇನೆ.

ಫಾಯಿಲ್ ಒಂದು ಕನ್ನಡಿಯಂತೆ ವರ್ತಿಸುತ್ತದೆ. ಫೋನನ್ನು ನೇರವಾಗಿ ಮೇಲೆ ಹಿಡಿದಾಗ ಫಾಯಿಲ್‌ನಲ್ಲಿ ಫೋನ್, ನಿಮ್ಮ ಕೈ, ಟ್ಯೂಬ್‌ಲೈಟ್ ಇವೆಲ್ಲ ಪ್ರತಿಬಿಂಬಿಸುತ್ತವೆ, ಮತ್ತು ಫ್ಲ್ಯಾಶ್ ಹಾಕಿದರೆ ಅದರ ಬಿಳಿ ಚುಕ್ಕೆ ಸರಿಯಾಗಿ ಅಕ್ಷರಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ "ಬೆಳಕು ಸಾಕೇ?" ಎಂಬುದಲ್ಲ, "ಈ ಫಾಯಿಲ್ ಈಗ ಯಾವುದನ್ನು ಪ್ರತಿಬಿಂಬಿಸುತ್ತಿದೆ?" ಎಂಬುದು. ಕಪ್ಪು ಅಥವಾ ನೀಲಿ ಶಾಯಿಯಲ್ಲಿ ಮುದ್ರಿಸಿದ ಅಕ್ಷರಗಳನ್ನು ಓದಬೇಕಾದರೆ ಫಾಯಿಲ್‌ನಲ್ಲಿ ಒಂದು ದೊಡ್ಡ ಬಿಳಿ ಮೇಲ್ಮೈ ಪ್ರತಿಬಿಂಬಿಸುವಂತೆ ಮಾಡಿ. ಹಗಲಿನಲ್ಲಿ ನೇರ ಬಿಸಿಲು ಬೀಳದ ಕಿಟಕಿಯ ಬಳಿ ಮೇಜಿನ ಮೇಲೆ ಸ್ಟ್ರಿಪ್ ಇಟ್ಟು, ಕಿಟಕಿಯ ಎದುರು ಬದಿಯಲ್ಲಿ ಬಿಳಿ ಪಂಚೆಯನ್ನೋ ದೊಡ್ಡ ಬಿಳಿ ರಟ್ಟನ್ನೋ ನಿಲ್ಲಿಸಿ, ಸ್ಟ್ರಿಪ್‌ನ ಒಂದು ಅಂಚಿನ ಕೆಳಗೆ ಬೆಂಕಿಪೆಟ್ಟಿಗೆಯನ್ನಿಟ್ಟು ಸ್ವಲ್ಪ ಓರೆ ಮಾಡಿ. ಪರದೆಯನ್ನು ನೋಡುತ್ತಾ ಸ್ಟ್ರಿಪ್ ಅನ್ನು ನಿಧಾನವಾಗಿ ತಿರುಗಿಸುತ್ತಿದ್ದರೆ, ಒಂದು ಕೋನದಲ್ಲಿ ಫಾಯಿಲ್ ಇಡಿಯಾಗಿ ತಿಳಿಬಿಳಿಯಾಗಿ ಶಾಯಿ ಎದ್ದು ಕಾಣುತ್ತದೆ. ಅಲ್ಲಿಯೇ ನಿಲ್ಲಿಸಿ ಚಿತ್ರ ತೆಗೆಯಿರಿ.

ದೂರದ ವಿಷಯ. ಬಹುತೇಕ ಫೋನ್‌ಗಳ ಮುಖ್ಯ ಕ್ಯಾಮೆರಾ ತೀರ ಹತ್ತಿರದ ವಸ್ತುವಿನ ಮೇಲೆ ಫೋಕಸ್ ಮಾಡಲಾರದು. ಹತ್ತಿರ ಒಯ್ದರೆ ಕೆಲವು ಫೋನ್‌ಗಳು ತಾವಾಗಿಯೇ ಅಗಲ ನೋಟದ ಇನ್ನೊಂದು ಲೆನ್ಸ್‌ಗೆ ಬದಲಾಗುತ್ತವೆ, ಕಡಿಮೆ ಬೆಲೆಯ ಫೋನ್‌ಗಳಲ್ಲಿರುವ ಪ್ರತ್ಯೇಕ ಮ್ಯಾಕ್ರೋ ಲೆನ್ಸ್‌ಗಳ ವಿವರ ಸಾಮಾನ್ಯವಾಗಿ ಮುಖ್ಯ ಲೆನ್ಸ್‌ಗಿಂತ ಕೀಳಾಗಿರುತ್ತದೆ. ಅಲ್ಲದೆ ಅಷ್ಟು ಹತ್ತಿರದಲ್ಲಿ ಫೋನಿನ ನೆರಳೇ ಮಾತ್ರೆಯ ಮೇಲೆ ಬೀಳುತ್ತದೆ. ಸುಮಾರು 25ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಎರಡು ಪಟ್ಟು ಜೂಮ್ ಹಾಕಿ, ಮಾತ್ರೆಯ ಮೇಲೆ ಬೆರಳಿನಿಂದ ಮುಟ್ಟಿ ಫೋಕಸ್ ಮಾಡಿ. ಕೈ ನಡುಗುವುದಾದರೆ ಎರಡು ಪುಸ್ತಕದ ಗುಡ್ಡೆಗಳ ಮೇಲೆ ಫೋನನ್ನು ಸೇತುವೆಯಂತೆ ಮಲಗಿಸಿ, ಮೂರು ಸೆಕೆಂಡಿನ ಟೈಮರ್ ಹಾಕಿ.

ಕ್ಲಿಕ್ ಮಂಜು

ಸರ್, ಫಾಯಿಲ್ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬಿಳಿ ಹಾಳೆಯಲ್ಲಿ ತಪ್ಪೇನಿದೆ? ವಸ್ತುಗಳನ್ನು ಮಾರುವವರೆಲ್ಲ ಬಿಳಿ ಹಿನ್ನೆಲೆಯಲ್ಲಿಯೇ ಚಿತ್ರ ತೆಗೆಯುತ್ತಾರಲ್ಲವೇ?

ಹುಬ್ಬಳ್ಳಿ ಫಾರ್ಮಸಿಸ್ಟ್

ಬಣ್ಣದ ಮಾತ್ರೆಗೆ ಬಿಳಿ ಹಾಳೆ ನಡೆಯುತ್ತದೆ. ಬಿಳಿ ಮಾತ್ರೆಯ ಅಂಚು ಬಿಳಿ ಹಾಳೆಯಲ್ಲಿ ಕರಗಿ ಹೋಗುತ್ತದೆ. ಹಾಗೆಂದು ಕಪ್ಪು ಬಟ್ಟೆಯ ಮೇಲೆ ಇಟ್ಟರೆ ಬೇರೆ ತೊಂದರೆ ಬರುತ್ತದೆ: ಕ್ಯಾಮೆರಾ ಇಡೀ ದೃಶ್ಯ ಕತ್ತಲಾಗಿದೆ ಎಂದು ಲೆಕ್ಕ ಹಾಕಿ ಬೆಳಕನ್ನು ಹೆಚ್ಚಿಸುತ್ತದೆ, ಆಗ ಮಾತ್ರೆ ಬರಿಯ ಬಿಳಿ ಬೊಟ್ಟಾಗಿ ಅದರ ಮೇಲಿನ ಗೀಟು, ಅಕ್ಷರ ಎಲ್ಲವೂ ಮಾಯವಾಗುತ್ತವೆ. ಬೂದು ಅಥವಾ ಮಂಕು ನೀಲಿ ಬಣ್ಣದ, ಹೊಳಪಿಲ್ಲದ ಕಾಗದ ಒಳ್ಳೆಯದು. ಹಳೆಯ ನೋಟ್‌ಬುಕ್ಕಿನ ರಟ್ಟು ಸಾಕು. ಮಾತ್ರೆಯ ಮೇಲೆ ಮುಟ್ಟಿ ಫೋಕಸ್ ಮಾಡಿದ ಬಳಿಕ ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದು, ಮಾತ್ರೆ ಬಿಳಿಯಾಗಿ ಅಲ್ಲ, ತುಸು ಬೂದಾಗಿ ಕಾಣುವಷ್ಟು ಬೆಳಕನ್ನು ಇಳಿಸಿ.

ಬಣ್ಣ ಸರಿಯಾಗಿ ತಿಳಿಯಬೇಕೆಂದರೆ ಚೌಕಟ್ಟಿನ ಒಂದು ಮೂಲೆಯಲ್ಲಿ ಬಿಳಿ ಕಾಗದದ ಚಿಕ್ಕ ತುಂಡನ್ನು ಇಡಿ. ಹಳದಿ ಬಲ್ಬಿನ ಕೆಳಗೆ ಬಿಳಿ ಮಾತ್ರೆಯೂ ತಿಳಿಹಳದಿ ಮಾತ್ರೆಯೂ ಒಂದೇ ರೀತಿ ಕಾಣುತ್ತವೆ. ಪಕ್ಕದ ಕಾಗದವೂ ಹಳದಿಯಾಗಿ ಬಂದಿದ್ದರೆ ನೋಡುವವರಿಗೆ ಅದು ಬೆಳಕಿನ ಬಣ್ಣವೆಂದು ಗೊತ್ತಾಗುತ್ತದೆ.

ಡಲ್ಲಾಸ್ ಕನ್ನಡಿಗ

ಇಷ್ಟೊಂದು ತೊಂದರೆ ಏಕೆ ಎಂದು ನನಗೆ ಅರ್ಥವಾಗುತ್ತಿಲ್ಲ. ಮಾತ್ರೆಯ ಮೇಲಿನ ಅಕ್ಷರ ಮತ್ತು ಅಂಕಿಯನ್ನು ಅಂತರ್ಜಾಲದಲ್ಲಿ ಹುಡುಕಿದರೆ ಹೆಸರು ಬಂದುಬಿಡುತ್ತದೆ. ನಮ್ಮ ಮನೆಯಲ್ಲಿರುವ ಬಿಳಿ ಉದ್ದನೆಯ ಮಾತ್ರೆಯ ಮೇಲೆ ಎಲ್484 ಎಂದಿದೆ, ಹುಡುಕಿದೊಡನೆ ಅದು 500 ಮಿಲಿಗ್ರಾಂ ಅಸಿಟಮಿನೊಫೆನ್, ಅಂದರೆ ನಮ್ಮ ಊರಿನ ಪ್ಯಾರಸಿಟಮಾಲ್, ಎಂದು ತಿಳಿಯಿತು. ಚಿತ್ರವೇ ಬೇಕಿಲ್ಲ.

ಹುಬ್ಬಳ್ಳಿ ಫಾರ್ಮಸಿಸ್ಟ್

ಸರ್, ಅದು ಅಮೆರಿಕದಲ್ಲಿ ಸರಿ. ಅಲ್ಲಿ ಮಾತ್ರೆ, ಕ್ಯಾಪ್ಸೂಲ್‌ಗಳ ಮೇಲೆ ತಯಾರಕರನ್ನೂ ಔಷಧವನ್ನೂ ಗುರುತಿಸುವ ಸಂಕೇತ ಇರಬೇಕೆಂಬ ನಿಯಮವಿದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿನ ಎಷ್ಟೋ ಮಾತ್ರೆಗಳ ಮೇಲೆ ಅರ್ಧ ಮಾಡಲು ಒಂದು ಗೀಟು ಬಿಟ್ಟರೆ ಬೇರೇನೂ ಇರುವುದಿಲ್ಲ. ಹೆಸರು, ಪ್ರಮಾಣ, ಬ್ಯಾಚ್ ನಂಬರ್, ತಯಾರಿಕೆ ಮತ್ತು ಅವಧಿ ಮುಗಿಯುವ ತಿಂಗಳು, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಇವೆಲ್ಲ ಸ್ಟ್ರಿಪ್ ಮೇಲಿರುತ್ತವೆ. ಆದ್ದರಿಂದಲೇ ನಮ್ಮ ದೇಶದಲ್ಲಿ ಮಾತ್ರೆಯ ಚಿತ್ರಕ್ಕಿಂತ ಸ್ಟ್ರಿಪ್‌ನ ಚಿತ್ರ ಮುಖ್ಯ, ಸ್ಟ್ರಿಪ್ ಕತ್ತರಿಸಿದಾಗ ಬ್ಯಾಚ್ ಇರುವ ತುದಿಯನ್ನು ಉಳಿಸಿಕೊಳ್ಳುವುದು ಅದಕ್ಕಿಂತಲೂ ಮುಖ್ಯ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯವಾಗಿದೆ. ಆದರೆ ಸ್ಟ್ರಿಪ್‌ನಲ್ಲಿ ಜಾಗ ಸಾಲದಿದ್ದರೆ ಅದನ್ನು ಹೊರಗಿನ ರಟ್ಟಿನ ಪೆಟ್ಟಿಗೆಯ ಮೇಲೆ ಹಾಕಬಹುದು, ಆ ಪೆಟ್ಟಿಗೆ ಅಂಗಡಿಯಲ್ಲಿಯೇ ಉಳಿಯುತ್ತದೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ತಂದೆತಾಯಂದಿರು ಬಿಡಿ ಮಾತ್ರೆಗಳನ್ನು ಡಬ್ಬಿಗೆ ತುಂಬಿಸಿಕೊಂಡು ಹೋದರೆ ಅಲ್ಲಿನ ಹುಡುಕಾಟದ ತಾಣಗಳಲ್ಲಿ ಅವು ಸಿಗದಿರುವುದಕ್ಕೂ, ಅಥವಾ ಬೇರೆ ಯಾವುದೋ ಮಾತ್ರೆಯ ಹೆಸರು ಬರುವುದಕ್ಕೂ ಇದೇ ಕಾರಣ.

ಶಾಸನಾಸಕ್ತ

ನಾನು ಔಷಧದ ಕ್ಷೇತ್ರದವನಲ್ಲ, ಹವ್ಯಾಸಕ್ಕಾಗಿ ಶಾಸನಗಳನ್ನು ಓದುವವನು. ಸೊಸೆಯವರು ಹೇಳಿದ ಬಣ್ಣವಿಲ್ಲದೆ ಒತ್ತಿದ ಅಂಕಿಗಳ ಬಗ್ಗೆ ಮಾತ್ರ ಹೇಳಬಲ್ಲೆ, ಏಕೆಂದರೆ ಸವೆದ ಕಲ್ಲಿನ ಮೇಲಿನ ಅಕ್ಷರಗಳನ್ನು ಓದುವುದಕ್ಕೂ ಇದಕ್ಕೂ ಬೇಕಾದ ಬೆಳಕು ಒಂದೇ. ನಡುಹಗಲಿನಲ್ಲಿ ಎದುರಿನಿಂದ ಬೆಳಕು ಬಿದ್ದಾಗ ಏನೂ ಕಾಣದ ಕಲ್ಲು, ಸಂಜೆಯ ಓರೆ ಬಿಸಿಲಿನಲ್ಲಿ ಸಾಲು ಸಾಲಾಗಿ ಓದಲು ಬರುತ್ತದೆ. ಅಕ್ಷರದ ಕುಳಿಯ ಒಂದು ಅಂಚು ಬೆಳಗಿ ಇನ್ನೊಂದು ಅಂಚು ನೆರಳಾಗುವುದೇ ಇದಕ್ಕೆ ಕಾರಣ.

ಮನೆಯಲ್ಲಿ ಹೀಗೆ ಮಾಡಬಹುದು. ಕೋಣೆಯ ದೀಪಗಳನ್ನು ಆರಿಸಿ, ಇನ್ನೊಬ್ಬರು ಒಂದು ಟಾರ್ಚ್ ಅನ್ನು ಮೇಜಿನ ಮಟ್ಟದಿಂದ ಒಂದೆರಡು ಬೆರಳಷ್ಟೇ ಎತ್ತರದಲ್ಲಿ ಹಿಡಿದು ಮಾತ್ರೆಯ ಕಡೆಗೆ ಬೀರಲಿ. ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತಿರಬೇಕು. ಇಲ್ಲಿ ಎರಡು ಎಚ್ಚರಿಕೆಗಳಿವೆ.

ಮೊದಲನೆಯದು, ಬೆಳಕು ಬರುವ ದಿಕ್ಕಿಗೆ ಸಮಾನಾಂತರವಾಗಿರುವ ಗೆರೆಗೆ ನೆರಳು ಬೀಳುವುದಿಲ್ಲ. ಎಡದಿಂದ ಬೆಳಕು ಬಿಟ್ಟರೆ ನಿಂತ ಗೆರೆಗಳು ಮಾತ್ರ ಕಾಣುತ್ತವೆ, ಮಲಗಿದ ಗೆರೆಗಳು ಅಡಗುತ್ತವೆ. ಆಗ ಇಂಗ್ಲಿಷಿನ ಇ ಅಕ್ಷರ ಐ ಆಗಿಬಿಡುತ್ತದೆ, ಎಚ್ ಅಕ್ಷರ 11 ಎಂಬ ಅಂಕಿಯಾಗುತ್ತದೆ. ಆದ್ದರಿಂದ ಬೆಳಕನ್ನು ಎಡ ಮೇಲ್ಮೂಲೆಯಿಂದ ಕರ್ಣದ ದಿಕ್ಕಿನಲ್ಲಿ ಬಿಟ್ಟು ಒಂದು ಚಿತ್ರ, ಬಲ ಮೇಲ್ಮೂಲೆಯಿಂದ ಬಿಟ್ಟು ಇನ್ನೊಂದು ಚಿತ್ರ ತೆಗೆದು ಎರಡನ್ನೂ ಹೋಲಿಸಬೇಕು. ಒಂದರಲ್ಲಿ ಕಾಣದ ಗೆರೆ ಮತ್ತೊಂದರಲ್ಲಿ ಕಾಣುತ್ತದೆ.

ಎರಡನೆಯದು, ಬೆಳಕು ಯಾವಾಗಲೂ ಚಿತ್ರದ ಮೇಲ್ಭಾಗದಿಂದ ಬರುವಂತಿರಲಿ. ಕೆಳಗಿನಿಂದ ಬಂದರೆ ಕೊರೆದ ಅಕ್ಷರ ಉಬ್ಬಿದಂತೆಯೂ ಉಬ್ಬಿದ ಅಕ್ಷರ ಕೊರೆದಂತೆಯೂ ಕಣ್ಣಿಗೆ ಭಾಸವಾಗುತ್ತದೆ. ಶಾಸನಗಳ ಚಿತ್ರಗಳಲ್ಲಿ ಇದರಿಂದ ಪರಿಣತರೂ ಗೊಂದಲಕ್ಕೊಳಗಾಗುತ್ತಾರೆ.

ಕ್ಲಿಕ್ ಮಂಜು

ಇದು ತುಂಬ ಉಪಯುಕ್ತವಾದ ವಿವರಣೆ. ಇದರ ಜೊತೆಗೆ ನನ್ನದೊಂದು ಸೇರ್ಪಡೆ: ಕೊರೆದ ಅಕ್ಷರದೊಳಗೆ ಬಣ್ಣದ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ಉಜ್ಜಿ ಮೇಲೆ ಒರೆಸಿದರೆ, ಪುಡಿ ಕುಳಿಯಲ್ಲಿ ಉಳಿದು ಅಕ್ಷರ ಎದ್ದು ಕಾಣುತ್ತದೆ. ಹಳೆಯ ಯಂತ್ರಗಳ ಮೇಲಿನ ನಂಬರ್ ಓದಲು ಗ್ಯಾರೇಜಿನವರು ಹೀಗೆಯೇ ಮಾಡುತ್ತಾರೆ.

ಹುಬ್ಬಳ್ಳಿ ಫಾರ್ಮಸಿಸ್ಟ್

ಸ್ಟ್ರಿಪ್‌ನ ಅಂಚಿನ ಮೇಲೆ ಮಾಡಿದರೆ ಅಡ್ಡಿಯಿಲ್ಲ, ಅಲ್ಲಿ ಪುಡಿ ಔಷಧಕ್ಕೆ ತಗಲುವುದಿಲ್ಲ. ಮಾತ್ರೆಯ ಮೇಲೆ ಮಾತ್ರ ಮಾಡಬೇಡಿ. ಆ ಮಾತ್ರೆ ಮುಂದೆ ಯಾರ ಬಾಯಿಗೆ ಹೋಗುವುದೋ ಗೊತ್ತಿಲ್ಲ, ಮತ್ತು ಉಜ್ಜುವಾಗ ತೆಳು ಲೇಪನ ಸುಲಿದು ಇರುವ ಗುರುತೂ ಹೋಗಬಹುದು. ಮಾತ್ರೆಯನ್ನು ಒಣಗಿದ ಕೈಯಿಂದ, ಅಂಚಿನಲ್ಲಿ ಮಾತ್ರ ಹಿಡಿಯಿರಿ. ಚಿತ್ರಕ್ಕಾಗಿ ಸ್ಟ್ರಿಪ್‌ನಿಂದ ಹೊಸದಾಗಿ ಮಾತ್ರೆಯನ್ನು ಒಡೆದು ತೆಗೆಯುವ ಅಗತ್ಯವೂ ಇಲ್ಲ, ಬಿಡಿಯಾಗಿರುವುದು ಸಾಕು.

ಈಗ ಅಳತೆ. ಒಂದು ರೂಪಾಯಿಯ ನಾಣ್ಯವೆಂದರೆ ಯಾವ ನಾಣ್ಯ? 2019ರ ಸರಣಿಯದು 20 ಮಿಲಿಮೀಟರ್ ವ್ಯಾಸದ್ದು, 2011ರ ಸರಣಿಯದು ಸುಮಾರು 22, ಅದಕ್ಕೂ ಹಿಂದಿನ ಸ್ಟೀಲ್ ನಾಣ್ಯ 25. ಮೂರೂ ಇಂದಿಗೂ ಕೈಗೆ ಬರುತ್ತವೆ. ಚಿತ್ರ ನೋಡುವವರು ಒಂದನ್ನು ಇನ್ನೊಂದೆಂದು ಭಾವಿಸಿದರೆ ಮಾತ್ರೆಯ ಅಳತೆಯಲ್ಲಿ ನಾಲ್ಕನೆಯ ಒಂದು ಭಾಗದಷ್ಟು ವ್ಯತ್ಯಾಸ ಬರಬಹುದು. ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲ್ ಇರುವಾಗ ನಾಣ್ಯ ಏಕೆ? ಕೆಲವರು ಎಟಿಎಂ ಕಾರ್ಡನ್ನು ಪಕ್ಕದಲ್ಲಿಟ್ಟು ತೆಗೆದ ಚಿತ್ರ ಕಳುಹಿಸುತ್ತಾರೆ. ಅದರ ಅಳತೆ ಎಲ್ಲೆಡೆ ಒಂದೇ ಎಂಬುದು ನಿಜವಾದರೂ, ಅದರ ಮೇಲಿನ ನಂಬರ್ ಯಾರಿಗೂ ಹೋಗಬಾರದು.

ಸ್ಕೇಲ್ ಇಡುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಮಾತ್ರೆ 5 ಮಿಲಿಮೀಟರ್ ದಪ್ಪವಿದೆ ಎಂದುಕೊಳ್ಳಿ. ಸ್ಕೇಲ್ ಮೇಜಿನ ಮೇಲೆ ಮಲಗಿದ್ದರೆ, ಮಾತ್ರೆಯ ಮೇಲ್ಮೈ ಸ್ಕೇಲ್‌ಗಿಂತ ಅಷ್ಟರಮಟ್ಟಿಗೆ ಕ್ಯಾಮೆರಾಕ್ಕೆ ಹತ್ತಿರವಿರುತ್ತದೆ. 10 ಸೆಂಟಿಮೀಟರ್ ಎತ್ತರದಿಂದ ತೆಗೆದರೆ ಮೇಲ್ಮೈ ಶೇಕಡಾ 5ರಷ್ಟು ದೊಡ್ಡದಾಗಿ ಬರುತ್ತದೆ, ಅಂದರೆ 20 ಮಿಲಿಮೀಟರ್ ಉದ್ದದಲ್ಲಿ 1 ಮಿಲಿಮೀಟರ್ ತಪ್ಪು. 30 ಸೆಂಟಿಮೀಟರ್‌ನಿಂದ ತೆಗೆದರೆ ಆ ತಪ್ಪು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದೂರ ಹಿಡಿದು ಜೂಮ್ ಮಾಡಿ ಎಂದದ್ದಕ್ಕೆ ಇದು ಇನ್ನೊಂದು ಕಾರಣ. ಸ್ಕೇಲ್ ಕೆಳಗೆ ಒಂದೆರಡು ರಟ್ಟಿನ ತುಂಡುಗಳನ್ನಿಟ್ಟು ಮಾತ್ರೆಯ ನಡುದಪ್ಪದ ಮಟ್ಟಕ್ಕೆ ಎತ್ತಿದರೆ ಇನ್ನೂ ಒಳ್ಳೆಯದು. ಮಾತ್ರೆಯೂ ಸ್ಕೇಲೂ ಚೌಕಟ್ಟಿನ ನಡುವಿನಲ್ಲಿಯೇ ಇರಲಿ, ಅಂಚಿನಲ್ಲಿ ಆಕಾರ ಎಳೆದಂತಾಗುತ್ತದೆ.

ಸೊಸೆಯವರಿಗೆ ಒಂದು ವಿಶೇಷ ಕೋರಿಕೆ. ಬಿಡಿ ಮಾತ್ರೆಯ ಮೇಲಿನ ಮುಖ, ಕೆಳಗಿನ ಮುಖ ಮತ್ತು ಪಕ್ಕದ ನೋಟ, ಮೂರನ್ನೂ ತೆಗೆಯಿರಿ. ಪಕ್ಕದ ನೋಟವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಫೋನನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಮಾತ್ರೆಯ ಹಿಂದೆ ಬೂದು ರಟ್ಟನ್ನು ನಿಲ್ಲಿಸಿ ತೆಗೆದರೆ ಸಾಕು.

ಕುಂದಾಪುರದ ಅಮ್ಮ

ಬಾಟಲಿಯ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಮಗ ಹೋದ ವರ್ಷ ಜ್ವರದ ಸಿರಪ್ ಬಾಟಲಿಯನ್ನು ಬಾಯಿಗಿಟ್ಟುಕೊಂಡಿದ್ದ. ಎಷ್ಟು ಕುಡಿದನೆಂದು ಆಸ್ಪತ್ರೆಯಲ್ಲಿ ಕೇಳಿದಾಗ ನನ್ನ ಫೋನ್‌ನಲ್ಲಿದ್ದ ಚಿತ್ರದಿಂದ ಏನೂ ತಿಳಿಯಲಿಲ್ಲ, ಏಕೆಂದರೆ ಕಂದು ಬಾಟಲಿಯೊಳಗೆ ಸಿರಪ್ ಎಲ್ಲಿಯವರೆಗೆ ಇದೆಯೆಂದು ಕಾಣುತ್ತಲೇ ಇರಲಿಲ್ಲ. ಮಗು ಚೆನ್ನಾಗಿದ್ದಾನೆ. ಆದರೂ ಇಂತಹ ಸಂದರ್ಭದಲ್ಲಿ ಚಿತ್ರ ಹೇಗೆ ತೆಗೆಯಬೇಕೆಂದು ತಿಳಿದುಕೊಳ್ಳಲು ಬಯಸುತ್ತೇನೆ.

ಹುಬ್ಬಳ್ಳಿ ಫಾರ್ಮಸಿಸ್ಟ್

ಅಮ್ಮಾ, ಅಂತಹ ಹೊತ್ತಿನಲ್ಲಿ ಚಿತ್ರಕ್ಕಾಗಿ ಒಂದು ನಿಮಿಷವನ್ನೂ ಕಳೆಯಬೇಡಿ. ಮಗುವನ್ನೂ ಬಾಟಲಿಯನ್ನೂ ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ. ಕೈಯಲ್ಲಿ ಬಾಟಲಿ ಇದ್ದರೆ ಚಿತ್ರ ಬೇಕಾಗುವುದಿಲ್ಲ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಹಗಲಿರುಳು ಕೆಲಸ ಮಾಡುತ್ತದೆ. ದಾರಿಯಲ್ಲಿ ಇನ್ನೊಬ್ಬರು ಅಲ್ಲಿಗೆ ಫೋನ್ ಮಾಡುವಾಗ ಲೇಬಲ್‌ನ ವಿವರವನ್ನು ಓದಿ ಹೇಳಬಹುದು.

ಆತುರವಿಲ್ಲದ ಸಂದರ್ಭದಲ್ಲಿ ಮಟ್ಟವನ್ನು ತೋರಿಸುವ ಕ್ರಮ ಹೀಗಿದೆ. ಬಾಟಲಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಮುಚ್ಚಳ ಭದ್ರವಾಗಿ ಮುಚ್ಚಿ, ಸಿರಪ್ ನೆಲೆ ನಿಲ್ಲುವವರೆಗೆ ಕಾಯಿರಿ. ಬಾಟಲಿಯ ಹಿಂದೆ ಕಿಟಕಿ ಅಥವಾ ದೀಪ ಬೀಳುವ ಬಿಳಿ ಹಾಳೆ ಇರಲಿ, ಕಂದು ಗಾಜು ಹಿಂದಿನ ಬೆಳಕಿನಲ್ಲಿ ಮಾತ್ರ ಒಳಗಿನದನ್ನು ತೋರಿಸುತ್ತದೆ. ಕ್ಯಾಮೆರಾ ಸಿರಪ್‌ನ ಮೇಲ್ಮಟ್ಟದ ನೇರಕ್ಕೇ ಇರಬೇಕು. ಮೇಲಿನಿಂದ ಅಥವಾ ಕೆಳಗಿನಿಂದ ಓರೆಯಾಗಿ ನೋಡಿದರೆ ಮಟ್ಟ ಬೇರೆ ಕಡೆ ಇರುವಂತೆ ಕಾಣುತ್ತದೆ. ಸ್ಕೇಲನ್ನು ಬಾಟಲಿಗೆ ತಾಗಿಸಿ ನೆಟ್ಟಗೆ ನಿಲ್ಲಿಸಿ. ಆದರೆ ಬಾಟಲಿಯ ಕುತ್ತಿಗೆ ಕಿರಿದಾಗುವ ಭಾಗದಲ್ಲಿ ಮಿಲಿಮೀಟರ್‌ನಿಂದ ಮಿಲಿಲೀಟರ್ ಲೆಕ್ಕ ಹಾಕಲಾಗದು, ಮತ್ತು ಮೊದಲು ಎಷ್ಟಿತ್ತೆಂದು ಗೊತ್ತಿಲ್ಲದಿದ್ದರೆ ಚಿತ್ರ ಉಳಿದದ್ದನ್ನು ಮಾತ್ರ ಹೇಳುತ್ತದೆ, ಹೋದದ್ದನ್ನಲ್ಲ.

ಲೇಬಲ್‌ಗೆ ಬೇರೆ ಬೆಳಕು ಬೇಕು, ಈ ಬಾರಿ ಮುಂದಿನಿಂದ, ಪಕ್ಕದ ಕಿಟಕಿಯದು. ಬಾಟಲಿ ದುಂಡಗಿರುವುದರಿಂದ ಒಂದು ಚಿತ್ರದಲ್ಲಿ ಲೇಬಲ್‌ನ ಮೂರನೆಯ ಒಂದು ಭಾಗ ಮಾತ್ರ ನೇರವಾಗಿ ಕಾಣುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಹಿಂದಿನ ಚಿತ್ರದ ಕೊನೆಯ ಪದ ಮುಂದಿನ ಚಿತ್ರದ ಮೊದಲಲ್ಲಿ ಬರುವಂತೆ ನಾಲ್ಕು ಚಿತ್ರ ತೆಗೆಯಿರಿ. ಲೇಬಲ್ ಮೇಲೆ ಉದ್ದನೆಯ ಹೊಳಪಿನ ಪಟ್ಟಿ ಬಂದರೆ ಬಾಟಲಿಯನ್ನಲ್ಲ, ನೀವು ನಿಂತ ಜಾಗವನ್ನು ಬದಲಿಸಿ. "ಪ್ರತಿ 5 ಮಿಲಿಲೀಟರ್‌ನಲ್ಲಿ" ಎಂದು ಆರಂಭವಾಗುವ ಸಾಲು ಪೂರ್ತಿಯಾಗಿ ಒಂದೇ ಚಿತ್ರದಲ್ಲಿರುವುದು ಅತ್ಯಗತ್ಯ. ಜ್ವರದ ಸಿರಪ್ 5 ಮಿಲಿಲೀಟರ್‌ಗೆ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು, ಮತ್ತು ಎರಡರ ಹೊರರೂಪ ಹೆಚ್ಚು ಕಡಿಮೆ ಒಂದೇ ಆಗಿರಬಹುದು.

ಡಲ್ಲಾಸ್ ಕನ್ನಡಿಗ

ಲೇಬಲ್‌ಗೆ ಕಾಗದ ಸ್ಕ್ಯಾನ್ ಮಾಡುವ ಆ್ಯಪ್ ಬಳಸಿದರೆ ಅಕ್ಷರ ಇನ್ನೂ ಕಪ್ಪಾಗಿ ಸ್ಪಷ್ಟವಾಗಿ ಬರುತ್ತದೆ. ನಾನು ಬಿಲ್‌ಗಳಿಗೆ ಹಾಗೆಯೇ ಮಾಡುತ್ತೇನೆ.

ಶಾಸನಾಸಕ್ತ

ಮುದ್ರಿತ ಲೇಬಲ್‌ಗೆ ಆಗಬಹುದು. ಆದರೆ ಆ ಆ್ಯಪ್‌ಗಳು ಮಸುಕಾದ ನೆರಳನ್ನು ಕೊಳೆಯೆಂದು ತಿಳಿದು ಅಳಿಸುತ್ತವೆ, ಒತ್ತಿದ ಅಕ್ಷರ ಇರುವುದೇ ಆ ನೆರಳಿನಲ್ಲಿ. ಬಣ್ಣವೂ ಕೆಡುತ್ತದೆ. ಮೂಲ ಚಿತ್ರವನ್ನೂ ಜೊತೆಗೆ ಕಳುಹಿಸಬೇಕೆಂದು ನನ್ನ ಅಭಿಪ್ರಾಯ.

ಕ್ಲಿಕ್ ಮಂಜು

ನಾನು ಡಲ್ಲಾಸ್ ಕನ್ನಡಿಗರ ಪರ. ಅಂಗಡಿಯವರಿಗೆ ಬೇಕಾಗಿರುವುದು ಓದಲು ಬರುವ ಅಕ್ಷರ, ಮೂಲ ಚಿತ್ರದ ಶುದ್ಧತೆಯಲ್ಲ. ಎರಡೆರಡು ಕಳುಹಿಸಿದರೆ ಅವರಿಗೂ ಗೊಂದಲವೇ.

ಶಿರಸಿ ಸೊಸೆ

ಎಲ್ಲರಿಗೂ ಕೃತಜ್ಞತೆಗಳು. ವೈದ್ಯರಿಗೆ ಫೋನ್ ಮಾಡಿದೆ, ಅವರು ಡಬ್ಬಿಯಲ್ಲಿರುವುದನ್ನು ಮುಟ್ಟಬೇಡಿ ಎಂದು ಹೇಳಿ ಅತ್ತೆಯವರಿಗೆ ಹೊಸ ಚೀಟಿ ಬರೆದುಕೊಟ್ಟಿದ್ದಾರೆ. ಅವರು ಇದುವರೆಗೆ ಏನು ತೆಗೆದುಕೊಳ್ಳುತ್ತಿದ್ದರು ಎಂಬುದು ತಿಳಿದರೆ ಒಳ್ಳೆಯದೆಂದೂ ಹೇಳಿದರು. ಆದ್ದರಿಂದ ನಿನ್ನೆ ನೀವೆಲ್ಲ ಹೇಳಿದಂತೆ ಚಿತ್ರಗಳನ್ನು ತೆಗೆದೆ.

ಬಿಳಿ ಪಂಚೆಯನ್ನು ನಿಲ್ಲಿಸಿ ಸ್ಟ್ರಿಪ್ ತಿರುಗಿಸಿದಾಗ ಫಾಯಿಲ್ ಮೇಲಿನ ಶಾಯಿ ನಿಜಕ್ಕೂ ಎದ್ದು ಬಂತು. ಹೆಸರನ್ನು ಓರೆಯಾಗಿ ಮತ್ತೆ ಮತ್ತೆ ಮುದ್ರಿಸಿರುವುದು ಆಗ ಗಮನಕ್ಕೆ ಬಂತು. ಒಂದು ಅಂಚಿನಲ್ಲಿ "ಫಾರ್ಮಿನ್" ಇದ್ದರೆ ಎದುರಿನ ಅಂಚಿನಲ್ಲಿ ಮುಂದಿನ ಸಾಲಿನ ಆರಂಭವಾದ "ಗ್ಲಿಮೆ" ಎಂಬುದು ಅರ್ಧ ಕತ್ತರಿಸಿದಂತೆ ಇದೆ. ಬಿಡಿ ಮಾತ್ರೆಯ ಮೇಲೆ ಯಾವ ಅಕ್ಷರವೂ ಇಲ್ಲ. ಓರೆ ಬೆಳಕಿನಲ್ಲಿಯೂ ಏನೂ ಕಾಣಲಿಲ್ಲ. ಉದ್ದ ಸುಮಾರು 19 ಮಿಲಿಮೀಟರ್. ಮೇಲಿನಿಂದ ನೋಡಿದರೆ ಅದು ಬಿಳಿಯೇ. ಆದರೆ ಪಕ್ಕದ ನೋಟದಲ್ಲಿ ಕೆಳಗಿನ ತೆಳು ಪದರ ತಿಳಿಗುಲಾಬಿ ಬಣ್ಣದ್ದಾಗಿದೆ, ಎರಡು ಮಾತ್ರೆಗಳನ್ನು ಅಂಟಿಸಿದ ಹಾಗಿದೆ. ಕೆಳಮುಖವೂ ಗುಲಾಬಿಯೇ. ಇಬ್ಬನಿ ತಾಗಿ ಬಣ್ಣ ಕೆಟ್ಟಿರಬಹುದೇ?

ಅಂಚಿನಲ್ಲಿ ಒತ್ತಿದ ಬ್ಯಾಚ್ ನಂಬರ್‌ನ ಒಂದು ಅಂಕಿ ಎಡದ ಬೆಳಕಿನ ಚಿತ್ರದಲ್ಲಿ 3, ಬಲದ ಬೆಳಕಿನ ಚಿತ್ರದಲ್ಲಿ 8 ಎಂದು ಕಾಣುತ್ತದೆ.

ಹುಬ್ಬಳ್ಳಿ ಫಾರ್ಮಸಿಸ್ಟ್

ಬಣ್ಣ ಕೆಟ್ಟರೆ ಕಲೆಕಲೆಯಾಗಿ ಹರಡುತ್ತದೆ, ನೇರವಾದ ಗಡಿಯಿಂದ ಎರಡು ಪದರವಾಗುವುದಿಲ್ಲ. ಅದು ಎರಡು ಪದರದ ಮಾತ್ರೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮತ್ತು ನಿಧಾನವಾಗಿ ಬಿಡುಗಡೆಯಾಗುವ ಮೆಟ್‌ಫಾರ್ಮಿನ್ ಅನ್ನು ಒಟ್ಟಿಗೆ ಸೇರಿಸಿ ತಯಾರಿಸುವ ಹಲವು ಬ್ರಾಂಡ್‌ಗಳು ನಮ್ಮಲ್ಲಿ ಹೀಗೆಯೇ ಇರುತ್ತವೆ. ನಿಮಗೆ ಸಿಕ್ಕ "ಗ್ಲಿಮೆ" ಎಂಬ ತುಂಡು ಇದಕ್ಕೆ ಹೊಂದುತ್ತದೆ. ಮೊದಲ ಚಿತ್ರದಲ್ಲಿ ಕಂಡ "ಫಾರ್ಮಿನ್ 500" ಎಂಬುದನ್ನಷ್ಟೇ ನೋಡಿದ್ದರೆ ಯಾರಾದರೂ ಬರಿಯ ಮೆಟ್‌ಫಾರ್ಮಿನ್ ಎಂದೇ ಹೇಳಿಬಿಡುತ್ತಿದ್ದರು. ಬರಿಯ ಮೆಟ್‌ಫಾರ್ಮಿನ್‌ನಿಂದ ಸಕ್ಕರೆ ಅಪಾಯಕರವಾಗಿ ಕುಸಿಯುವುದು ಅಪರೂಪ, ಗ್ಲಿಮೆಪಿರೈಡ್‌ನಿಂದ ಕುಸಿಯಬಲ್ಲದು, ಅದರಲ್ಲೂ ವಯಸ್ಸಾದವರು ಊಟ ಬಿಟ್ಟಾಗ. ಇದನ್ನು ವೈದ್ಯರಿಗೆ ತಪ್ಪದೆ ತಿಳಿಸಿ, ಆದರೆ "ಇದೇ ಇರಬಹುದು" ಎಂದು ತಿಳಿಸಿ, "ಇದೇ" ಎಂದಲ್ಲ. ಬಿಡಿ ಮಾತ್ರೆಯೂ ಸ್ಟ್ರಿಪ್ ತುಂಡೂ ಒಂದೇ ಔಷಧದ್ದೆಂದು ಚಿತ್ರ ಸಾಬೀತು ಮಾಡುವುದಿಲ್ಲ.

ಗ್ಲಿಮೆಪಿರೈಡ್ 1 ಮಿಲಿಗ್ರಾಂ ಇದೆಯೋ 2 ಇದೆಯೋ ಎಂಬುದು ನಿಮ್ಮ ತುಂಡಿನಿಂದ ತಿಳಿಯುವುದಿಲ್ಲ. ಗುಲಾಬಿ ಬಣ್ಣದಿಂದಲೂ ಹೇಳಲಾಗದು, ಆ ಬಣ್ಣಗಳು ಒಬ್ಬೊಬ್ಬ ತಯಾರಕರಿಗೆ ಒಂದೊಂದು. ಇದಕ್ಕೆ ಉಳಿದಿರುವ ದಾರಿ ಎಂದರೆ ಮೈದುನನ ಮನೆಯಲ್ಲಿರುವ ಚೀಟಿ, ಅಥವಾ ಅಲ್ಲಿನ ಅಂಗಡಿಯ ಬಿಲ್. ಬಿಲ್‌ನಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಆಗ 3 ಅಥವಾ 8 ಎಂಬ ಎರಡು ಸಾಧ್ಯತೆಗಳಲ್ಲಿ ಯಾವುದು ಹೊಂದುತ್ತದೆಂದು ನೋಡಿದರಾಯಿತು. ಅಲ್ಲಿಯವರೆಗೆ ಯಾರಿಗೆ ಬರೆದರೂ ಎರಡು ಅಂಕಿಗಳನ್ನೂ ಬರೆಯಿರಿ, ಒಂದನ್ನು ಊಹಿಸಬೇಡಿ.

ಶಾಸನಾಸಕ್ತ

3 ಮತ್ತು 8ರ ವಿಷಯದಲ್ಲಿ ಒಂದು ಪ್ರಯತ್ನ ಮಾಡಿ. ಎರಡಕ್ಕೂ ಇರುವ ವ್ಯತ್ಯಾಸ ಎಡಬದಿಯ ನಿಂತ ಬಾಗುಗಳಲ್ಲಿ. ಅವು ಕಾಣಬೇಕಾದರೆ ಬೆಳಕು ಪೂರ್ತಿ ಎಡದಿಂದಲೂ ಪೂರ್ತಿ ಬಲದಿಂದಲೂ ಅಡ್ಡವಾಗಿ ಬರಬೇಕು, ಮೂಲೆಯಿಂದಲ್ಲ. ಸ್ಟ್ರಿಪ್‌ನ ಹಿಂಬದಿಯಿಂದಲೂ ತೆಗೆಯಿರಿ, ಒತ್ತಿದ ಅಂಕಿ ಅಲ್ಲಿ ಉಬ್ಬಿರುತ್ತದೆ. ಆ ಚಿತ್ರವನ್ನು ಫೋನ್‌ನಲ್ಲಿ ಎಡಬಲ ತಿರುಗಿಸಿ ಓದಬಹುದು.

ಶಿರಸಿ ಸೊಸೆ

ಹಿಂಬದಿಯಿಂದ ತೆಗೆದರೂ ನನಗೆ 8ರಂತೆಯೇ ಕಾಣುತ್ತದೆ, ಯಜಮಾನರಿಗೆ 3ರಂತೆ ಕಾಣುತ್ತದೆ. ಮೈದುನನಿಗೆ ಬಿಲ್ ಹುಡುಕಲು ಹೇಳಿದ್ದೇವೆ. ಚಿತ್ರಗಳನ್ನು ಅಂಗಡಿಯವರಿಗೆ ಕಳುಹಿಸುವಾಗ ಮತ್ತೆ ಮಸುಕಾಗದಿರಲು ಏನು ಮಾಡಬೇಕು?

ಹುಬ್ಬಳ್ಳಿ ಫಾರ್ಮಸಿಸ್ಟ್

ವಾಟ್ಸಾಪ್ ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತದೆ, ಸಣ್ಣ ಅಕ್ಷರಗಳು ಅಲ್ಲಿಯೇ ಹೋಗುತ್ತವೆ. ಎಚ್‌ಡಿ ಆಯ್ಕೆಯನ್ನು ಒತ್ತಿ, ಅಥವಾ ಡಾಕ್ಯುಮೆಂಟ್ ಆಗಿ ಕಳುಹಿಸಿ. ಡಾಕ್ಯುಮೆಂಟ್ ಆಗಿ ಕಳುಹಿಸಿದಾಗ ಚಿತ್ರ ತೆಗೆದ ಸ್ಥಳದ ಮಾಹಿತಿಯೂ ಜೊತೆಗೆ ಹೋಗಬಹುದು. ಪರಿಚಿತರಿಗಾದರೆ ಚಿಂತೆಯಿಲ್ಲ, ಇಂತಹ ವೇದಿಕೆಗೆ ಹಾಕುವುದಾದರೆ ಕ್ಯಾಮೆರಾದಲ್ಲಿ ಲೊಕೇಶನ್ ಆರಿಸಿ ತೆಗೆಯಿರಿ, ಬಿಲ್ ಮೇಲೆ ಅತ್ತೆಯವರ ಹೆಸರಿದ್ದರೆ ಕಾಗದದ ತುಂಡಿನಿಂದ ಮುಚ್ಚಿ ತೆಗೆಯಿರಿ. ಕಳುಹಿಸುವ ಮೊದಲು ನೀವೇ ಚಿತ್ರವನ್ನು ಹಿಗ್ಗಿಸಿ ಅತಿ ಸಣ್ಣ ಸಾಲನ್ನು ಓದಿ ನೋಡಿ. ನಿಮಗೆ ಓದಲು ಬಾರದ್ದು ಅವರಿಗೂ ಬರುವುದಿಲ್ಲ.

ಬಿಲ್ ಸಿಕ್ಕಿದ ಮೇಲೆ ಬ್ಯಾಚ್ ಹೊಂದಿತೋ ಇಲ್ಲವೋ ಇಲ್ಲಿ ತಿಳಿಸಿ. ಹೊಂದಿದರೂ ಆ ಎರಡು ಬಿಡಿ ಮಾತ್ರೆಗಳನ್ನು ಡಬ್ಬಿಗೆ ಮರಳಿಸಬೇಡಿ.